ರೆಸ್ಯೂಮೆ ಕೊಟ್ಟು ಬಂದಿರಿ, ಯಾರೂ ಕರೆಯಲಿಲ್ಲವೇ? ಉದ್ಯೋಗ ಮೇಳದಲ್ಲಿ ಪರಿಚಯ ಬೆಳೆಸುವ ಕ್ರಮ

"ಮೇಳಕ್ಕೆ ಹೋಗಿದ್ದೆ ಸರ್, ಇಪ್ಪತ್ತೈದು ಸ್ಟಾಲ್‌ಗೆ ರೆಸ್ಯೂಮೆ ಕೊಟ್ಟೆ. ಒಂದು ಫೋನೂ ಬರಲಿಲ್ಲ."

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನು ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರ ಕ್ವಾಲಿಟಿ ವಿಭಾಗದವನು. ಎಚ್‌ಆರ್‌ನವರು ಮೇಳಗಳಿಗೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಹಾಗಾಗಿ ಮೇಜಿನ ಆ ಕಡೆ ಏನು ನಡೆಯುತ್ತದೆ ಅಂತ ಗೊತ್ತು. ಸಂಜೆ ಐದರ ಹೊತ್ತಿಗೆ ಒಂದು ಗೇಣು ಎತ್ತರದ ರೆಸ್ಯೂಮೆ ರಾಶಿ ಬಿದ್ದಿರುತ್ತದೆ. ಅದನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಕಾರಿನ ಡಿಕ್ಕಿಯಲ್ಲಿ ಇಡುತ್ತೇವೆ. ನನ್ನ ಡೈರಿಯ ಒಳಗೆ ಬೇರೆಯಾಗಿ ಸೇರುವುದು ನಾಲ್ಕೋ ಐದೋ ಹಾಳೆ.

ಆ ನಾಲ್ಕೈದು ಜನ ಬಹಳ ಬುದ್ಧಿವಂತರು ಅಂತೇನಲ್ಲ. ಅವರ ಜೊತೆಗಿನ ಮಾತು ಅರ್ಧಕ್ಕೆ ನಿಂತಿರುತ್ತದೆ, ಅಷ್ಟೇ. ಏನೋ ಕಳಿಸುತ್ತೇನೆ ಅಂದಿರುತ್ತಾರೆ, ಅಥವಾ ನಾನೇ ಏನೋ ಕೇಳಿರುತ್ತೇನೆ. ಮತ್ತೆ ಬರೆಯಲು ಅವರ ಕೈಯಲ್ಲಿ ಒಂದು ನೆಪ ಇರುತ್ತದೆ. ಆ ನೆಪವನ್ನು ಸಂಪಾದಿಸುವುದು ಹೇಗೆ, ಆಮೇಲೆ ಬಳಸುವುದು ಹೇಗೆ ಅನ್ನುವುದಷ್ಟೇ ಇಲ್ಲಿದೆ. ಹಾಸನ ಕಡೆಯ ಡಿಪ್ಲೊಮಾ ಹುಡುಗನೊಬ್ಬನ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದುಕೊಂಡು ಹೋಗೋಣ. ಮೆಕ್ಯಾನಿಕಲ್ ಓದಿದ್ದ. ಪೀಣ್ಯದ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಎಂಟು ತಿಂಗಳು ಇನ್‌ಸ್ಪೆಕ್ಷನ್ ಕೆಲಸ ಮಾಡಿದ್ದ.

## ಹಂತ 1: ಹಿಂದಿನ ವಾರ, ಐದು ಹೆಸರು

ದೊಡ್ಡ ಮೇಳಗಳಲ್ಲಿ ನೂರಾರು ಕಂಪನಿಗಳು ಬರುತ್ತವೆ. 2024ರ ಫೆಬ್ರವರಿ 26 ಮತ್ತು 27ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ್ಯ ಸರ್ಕಾರ ನಡೆಸಿದ ಯುವ ಸಮೃದ್ಧಿ ಸಮ್ಮೇಳನಕ್ಕೆ ಹೋದವರಿಗೆ ಆ ಜನಜಂಗುಳಿ ನೆನಪಿರಬಹುದು. ಅಂಥ ಕಡೆ ಎಲ್ಲ ಸ್ಟಾಲ್ ಸುತ್ತುತ್ತೇನೆ ಅಂತ ಹೊರಟರೆ ಯಾವುದರಲ್ಲೂ ಎರಡು ನಿಮಿಷ ನಿಲ್ಲಲು ಆಗುವುದಿಲ್ಲ.

ಆನ್‌ಲೈನ್ ನೋಂದಣಿ ಇದ್ದರೆ ಮೊದಲೇ ಮಾಡಿಕೊಳ್ಳಿ. ಬರುವ ಕಂಪನಿಗಳ ಪಟ್ಟಿ ಸಿಕ್ಕ ಕೂಡಲೇ ಐದನ್ನು ಆರಿಸಿ. ಪ್ರತಿಯೊಂದರ ವೆಬ್‌ಸೈಟ್ ತೆರೆದು ಒಂದೇ ಪ್ರಶ್ನೆಗೆ ಉತ್ತರ ಹುಡುಕಿ: ಇವರು ಏನು ಮಾಡಿ ಯಾರಿಗೆ ಮಾರುತ್ತಾರೆ? ನಮ್ಮ ಹುಡುಗ ಆರಿಸಿದ್ದರಲ್ಲಿ ನಮ್ಮದೂ ಒಂದು. ನಾವು ಪಂಪ್‌ಗಳಿಗೆ ಬೇಕಾದ ಬುಷ್ ಮತ್ತು ಶಾಫ್ಟ್ ಮಾಡುತ್ತೇವೆ ಅಂತ ಅವನು ಮೊದಲೇ ತಿಳಿದುಕೊಂಡಿದ್ದ. ಅಷ್ಟು ಸಾಕು. ಕಂಪನಿ ಯಾವ ವರ್ಷ ಶುರುವಾಯಿತು, ಮಾಲೀಕರು ಯಾರು ಅನ್ನುವುದನ್ನೆಲ್ಲ ಬಾಯಿಪಾಠ ಮಾಡಿ ಬರುವವರಿದ್ದಾರೆ. ಅದರಿಂದ ನಮಗೂ ಲಾಭವಿಲ್ಲ, ಅವರಿಗೂ ಇಲ್ಲ.

ಚೀಲದಲ್ಲಿ ಇಷ್ಟಿರಲಿ:

- ಒಂದೇ ಪುಟದ ರೆಸ್ಯೂಮೆ, ಹತ್ತು ಪ್ರತಿ. ಮಡಚಬೇಡಿ, ಫೈಲ್‌ನಲ್ಲಿಡಿ.
- ಅಂಕಪಟ್ಟಿಯ ಜೆರಾಕ್ಸ್, ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ. ಮೂಲ ಅಂಕಪಟ್ಟಿ ಕೇಳಿದರೆ ತೋರಿಸಿ, ಕೈಬಿಡಬೇಡಿ.
- ಜೇಬಿನಲ್ಲಿ ಹಿಡಿಯುವ ಸಣ್ಣ ನೋಟ್‌ಬುಕ್, ಎರಡು ಪೆನ್. ಇದೇ ಮುಖ್ಯ, ಯಾಕೆ ಅಂತ ಹಂತ 4ರಲ್ಲಿ ಗೊತ್ತಾಗುತ್ತದೆ.
- ಪೂರ್ತಿ ಚಾರ್ಜ್ ಆದ ಫೋನ್. ಅದರಲ್ಲಿ ರೆಸ್ಯೂಮೆಯ ಪಿಡಿಎಫ್, ಲಿಂಕ್ಡ್‌ಇನ್ ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್. ಜನ ಜಾಸ್ತಿ ಇರುವ ಕಡೆ ನೆಟ್‌ವರ್ಕ್ ಕೈಕೊಡುತ್ತದೆ, ಸ್ಕ್ರೀನ್‌ಶಾಟ್ ಕೈಕೊಡುವುದಿಲ್ಲ.

ಪಿಡಿಎಫ್‌ನ ಹೆಸರು `Resume_final_new2.pdf` ಅಂತ ಇದ್ದರೆ ಈಗಲೇ ಬದಲಿಸಿ. ಅಂಥ ಹೆಸರಿನ ಫೈಲ್‌ಗಳು ನನ್ನ ಕಂಪ್ಯೂಟರ್‌ನಲ್ಲಿ ಎಷ್ಟಿವೆಯೋ ನನಗೇ ಗೊತ್ತಿಲ್ಲ. ನಿಮ್ಮ ಹೆಸರು, ಕೆಲಸದ ಬಗೆ ಎರಡೂ ಫೈಲ್ ಹೆಸರಿನಲ್ಲೇ ಕಾಣಬೇಕು.

## ಹಂತ 2: ಮೂವತ್ತು ಸೆಕೆಂಡಿನ ಪರಿಚಯ

ಸ್ಟಾಲ್ ಮುಂದೆ ನಿಂತವರಲ್ಲಿ ಹೆಚ್ಚಿನವರು ಹೀಗೆ ಶುರು ಮಾಡುತ್ತಾರೆ: "ನನ್ನ ಹೆಸರು ಇಂಥದ್ದು, ಊರು ಇಂಥದ್ದು, ಅಪ್ಪ ಕೃಷಿಕರು, ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು, ಡಿಪ್ಲೊಮಾದಲ್ಲಿ ಇಷ್ಟು. ನಾನು ಕಷ್ಟಪಟ್ಟು ದುಡಿಯುತ್ತೇನೆ, ಬೇಗ ಕಲಿಯುತ್ತೇನೆ." ಇದು ಸಂದರ್ಶನಕ್ಕೆ ಉರು ಹೊಡೆದ ಪರಿಚಯ. ಇದರಲ್ಲಿ ತಪ್ಪೇನಿಲ್ಲ, ಆದರೆ ಅವನ ಹಿಂದಿನವನೂ ಇದನ್ನೇ ಹೇಳುತ್ತಾನೆ. ಮರುಪ್ರಶ್ನೆ ಕೇಳಲು ನನಗೆ ಎಲ್ಲೂ ಹಿಡಿ ಸಿಗುವುದಿಲ್ಲ. "ಆಯ್ತಪ್ಪ, ರೆಸ್ಯೂಮೆ ಇಟ್ಟು ಹೋಗು" ಅನ್ನುತ್ತೇನೆ.

ಪರಿಚಯದಲ್ಲಿ ಮೂರು ತುಂಡು ಇರಲಿ. ಇದೇ ಕ್ರಮದಲ್ಲಿ.

ಮೊದಲ ತುಂಡು: ಹೆಸರು ಮತ್ತು ಈಗಿನ ಕೆಲಸ. ಒಂದೇ ವಾಕ್ಯ. ಊರು, ಅಂಕ ಬೇಡ, ಅವು ರೆಸ್ಯೂಮೆಯಲ್ಲಿವೆ.

ಎರಡನೇ ತುಂಡು: ಕೈಯಾರೆ ಮಾಡಿದ ಒಂದು ಕೆಲಸ. ಒಂದೇ ಒಂದು. ಅದರಲ್ಲಿ ಒಂದು ಉಪಕರಣದ ಹೆಸರೋ ಅಂಕಿಯೋ ಇರಬೇಕು. ಅನುಭವ ಇಲ್ಲದವರು ಪ್ರಾಜೆಕ್ಟ್‌ನಲ್ಲಿ ತಾವೇ ಮಾಡಿದ ಭಾಗವನ್ನು ಹೇಳಬಹುದು. ನಾಲ್ಕು ಜನ ಸೇರಿ ಮಾಡಿದ ಪ್ರಾಜೆಕ್ಟ್ ಪೂರ್ತಿ ನಿಮ್ಮದು ಅನ್ನಬೇಡಿ, ಎರಡನೇ ಪ್ರಶ್ನೆಗೇ ಬಯಲಾಗುತ್ತದೆ.

ಮೂರನೇ ತುಂಡು: ಎದುರಿನವರ ಕೆಲಸದ ಬಗ್ಗೆ ಒಂದು ಪ್ರಶ್ನೆ. "ನಿಮ್ಮಲ್ಲಿ ವೇಕೆನ್ಸಿ ಇದೆಯಾ" ಅನ್ನುವುದಕ್ಕೆ ಹೌದು, ಇಲ್ಲ ಅಂದರೆ ಮುಗಿಯಿತು. ಅವರು ದಿನಾ ಮಾಡುವ ಕೆಲಸದ ಬಗ್ಗೆ ಕೇಳಿದರೆ ಮಾತು ಮುಂದುವರಿಯುತ್ತದೆ.

ನಮ್ಮ ಹುಡುಗ ಹೇಳಿದ್ದು ಹೆಚ್ಚುಕಡಿಮೆ ಹೀಗೆ:

"ನಮಸ್ಕಾರ ಸರ್, ನನ್ನ ಹೆಸರು ಇಂಥದ್ದು. ಪೀಣ್ಯದಲ್ಲಿ ಎಂಟು ತಿಂಗಳಿಂದ ಸಿಎನ್‌ಸಿ ಟರ್ನಿಂಗ್ ಪಾರ್ಟ್‌ಗಳ ಇನ್‌ಸ್ಪೆಕ್ಷನ್ ಮಾಡ್ತಿದ್ದೀನಿ. ನಮ್ಮಲ್ಲಿ ಬೋರ್ ಗೇಜ್ ರೀಡಿಂಗ್ ಒಬ್ಬೊಬ್ಬ ಆಪರೇಟರ್‌ಗೆ ಒಂದೊಂದು ಥರ ಬರ್ತಿತ್ತು. ಪ್ರತಿ ಶಿಫ್ಟ್ ಶುರುವಿಗೆ ಸೆಟ್ಟಿಂಗ್ ರಿಂಗ್‌ನಲ್ಲಿ ಜೀರೊ ನೋಡೋ ಒಂದು ಶೀಟ್ ಮಾಡಿಕೊಟ್ಟೆ. ನೀವು ಬುಷ್ ಮಾಡ್ತೀರಿ ಅಂತ ನೋಡಿದೆ. ನಿಮ್ಮಲ್ಲಿ ಬೋರ್ ಚೆಕಿಂಗ್ ಆಪರೇಟರೇ ಮಾಡ್ತಾರಾ, ಇನ್‌ಸ್ಪೆಕ್ಟರ್ ಮಾಡ್ತಾರಾ?"

ಬೋರ್ ಗೇಜ್ ಅಂದರೆ ರಂಧ್ರದ ಒಳವ್ಯಾಸ ಅಳೆಯುವ ಉಪಕರಣ, ಸೆಟ್ಟಿಂಗ್ ರಿಂಗ್ ಅಂದರೆ ಅದನ್ನು ಜೀರೊಗೆ ಹೊಂದಿಸಲು ಬಳಸುವ, ಅಳತೆ ಗೊತ್ತಿರುವ ಉಂಗುರ. ಎಚ್‌ಆರ್ ಮೇಡಂಗೆ ಇದು ಅಷ್ಟಾಗಿ ಅರ್ಥವಾಗಲಿಲ್ಲ. ಆದರೆ ಅವರು ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿ "ಸರ್, ಇದು ನಿಮ್ಮದು" ಅಂದರು. ಅವನಿಗೆ ಬೇಕಾಗಿದ್ದದ್ದೂ ಅದೇ.

ಮನೆಯಲ್ಲಿ ಫೋನ್ ರೆಕಾರ್ಡರ್ ಹಾಕಿಕೊಂಡು ಹೇಳಿ ನೋಡಿ. ನಲವತ್ತು ಸೆಕೆಂಡು ದಾಟಿದರೆ ಎರಡನೇ ತುಂಡು ಉದ್ದವಾಗಿದೆ ಅಂತ ಅರ್ಥ. ಉಸಿರು ಬಿಡದೆ ಒಂದೇ ರಾಗದಲ್ಲಿ ಹೇಳುತ್ತಿದ್ದರೆ ಬಾಯಿಪಾಠ ಆಗಿದೆ ಅಂತ ಅರ್ಥ. ಆಗ ವಾಕ್ಯಗಳನ್ನು ಬಿಟ್ಟು ಮೂರು ಪದ ಮಾತ್ರ ನೆನಪಿಟ್ಟುಕೊಳ್ಳಿ: ಟರ್ನಿಂಗ್, ಬೋರ್ ಗೇಜ್, ಬುಷ್. ಉಳಿದದ್ದು ಅಲ್ಲೇ ಬರುತ್ತದೆ.

ಭಾಷೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಎದುರಿನವರು ಶುರು ಮಾಡಿದ ಭಾಷೆಯಲ್ಲೇ ಮಾತಾಡಿ. ತಡವರಿಸುವ ಇಂಗ್ಲಿಷ್‌ನಲ್ಲಿ ಬೋರ್ ಗೇಜ್ ವಿವರಿಸುವುದಕ್ಕಿಂತ "ಕನ್ನಡದಲ್ಲಿ ಹೇಳಬಹುದಾ ಸರ್?" ಅಂತ ಕೇಳಿ ನೇರವಾಗಿ ಹೇಳುವುದು ಲೇಸು. ಕಾಲ್ ಸೆಂಟರ್ ಅಥವಾ ಗ್ರಾಹಕರ ಜೊತೆ ಇಂಗ್ಲಿಷ್ ಬೇಕಿರುವ ಕೆಲಸಗಳಿಗೆ ಮಾತ್ರ ಇದು ನಡೆಯುವುದಿಲ್ಲ. ಅಲ್ಲಿ ಅವರು ನೋಡುವುದೇ ಅದನ್ನು.

## ಹಂತ 3: ಆ ದಿನ, ಯಾವ ಸ್ಟಾಲ್‌ಗೆ ಯಾವಾಗ

ಮೊದಲ ಸ್ಟಾಲ್ ನಿಮ್ಮ ಐದರ ಪಟ್ಟಿಯಲ್ಲಿ ಇಲ್ಲದ್ದಾಗಿರಲಿ. ಅಲ್ಲಿ ತೊದಲಿದರೂ ನಷ್ಟವಿಲ್ಲ, ನಾಲಿಗೆ ಸಡಿಲವಾಗುತ್ತದೆ. ಪಟ್ಟಿಯಲ್ಲಿ ನಿಮಗೆ ತೀರಾ ಬೇಕಾದ ಕಂಪನಿಗೆ ಮೂರನೆಯದಾಗಿ ಹೋಗಿ.

ಬಾಗಿಲು ತೆರೆದ ಮೊದಲ ಒಂದು ಗಂಟೆ ಒಳ್ಳೆಯದು. ಊಟದ ಹೊತ್ತಿನಲ್ಲಿ ಸ್ಟಾಲ್‌ನಲ್ಲಿ ಒಬ್ಬರೇ ಇರುತ್ತಾರೆ, ಅವರಿಗೂ ಹಸಿವು. ಮುಗಿಯುವ ಮುಂಚಿನ ಒಂದು ಗಂಟೆಯನ್ನು ಜನ ಕಡೆಗಣಿಸುತ್ತಾರೆ. ನನಗೆ ಆಗ ಸುಸ್ತಾಗಿರುತ್ತದೆ ನಿಜ, ಆದರೆ ಕ್ಯೂ ಇರುವುದಿಲ್ಲ. ನನ್ನ ಉದ್ದದ ಮಾತುಕತೆಗಳು ಹೆಚ್ಚಾಗಿ ಆಗಲೇ ಆಗಿವೆ.

ಸ್ಟಾಲ್‌ನಲ್ಲಿ ಎರಡು ಬಗೆಯ ಜನ ಇರುತ್ತಾರೆ. ಎಚ್‌ಆರ್‌ನವರು ಹೆಸರು, ನಂಬರ್, ಅರ್ಹತೆ ಬರೆದುಕೊಳ್ಳುತ್ತಾರೆ. ಪಕ್ಕದಲ್ಲಿ ಸುಮ್ನೆ ಕೂತಂತೆ ಕಾಣುವವರು ಬಹಳ ಸಲ ವಿಭಾಗದವರು. ಎಚ್‌ಆರ್‌ನವರನ್ನು ದಾಟಿಕೊಂಡು ನೇರ ಅವರ ಹತ್ತಿರ ಹೋಗಬೇಡಿ. ಮೊದಲು ಇವರಿಗೆ ರೆಸ್ಯೂಮೆ ಕೊಡಿ. ಆಮೇಲೆ "ಕ್ವಾಲಿಟಿ ಕಡೆಯವರು ಯಾರಾದರೂ ಬಂದಿದ್ದಾರಾ ಮೇಡಂ, ಒಂದು ಪ್ರಶ್ನೆ ಕೇಳಬೇಕಿತ್ತು" ಅನ್ನಿ.

ಮಾತು ಮುಗಿಯುತ್ತಿದೆ ಅನ್ನುವ ಸೂಚನೆಗಳನ್ನು ಗಮನಿಸಿ. ಕಣ್ಣು ನಿಮ್ಮ ಹಿಂದಿನ ಕ್ಯೂ ಕಡೆ ಹೋಗುತ್ತದೆ. ಉತ್ತರ "ಹ್ಞೂಂ" "ಹ್ಞೂಂ" ಆಗುತ್ತದೆ. ರೆಸ್ಯೂಮೆ ರಾಶಿಗೆ ಸೇರುತ್ತದೆ. ಆಗ ಇನ್ನೊಂದು ಸಾಧನೆ ಹೇಳಲು ಹೋಗದೆ ನೆಪ ಕೇಳಿ ಹೊರಡಿ. ನೆಪ ಕೇಳುವುದು ಅಂದರೆ ಹೀಗೆ: ನನಗೂ ನಮ್ಮಲ್ಲಿ ಬೋರ್ ರೀಡಿಂಗ್‌ನದ್ದೇ ತಲೆನೋವು ಇದೆ ಅಂದೆ. ಅವನು "ಆ ಶೀಟ್‌ನ ಖಾಲಿ ಫಾರ್ಮ್ಯಾಟ್ ಕಳಿಸ್ಲಾ ಸರ್? ಯಾವ ಮೇಲ್‌ಗೆ?" ಅಂದ. ನಾನು ಕಾರ್ಡ್ ಕೊಟ್ಟೆ. ಒಟ್ಟು ಮೂರು ನಿಮಿಷ ಆಗಿರಬಹುದು.

ಕೊಡಲು ಏನೂ ಇಲ್ಲ ಅನ್ನಿಸಿದರೆ ಅವರ ಸಲಹೆಯೇ ನೆಪವಾಗುತ್ತದೆ. "ಈ ಕೆಲಸಕ್ಕೆ ನಾನು ಇನ್ನೂ ಏನು ಕಲಿಯಬೇಕು ಸರ್?" ಅಂತ ಕೇಳಿ. ಡ್ರಾಯಿಂಗ್ ಓದುವುದನ್ನು ಗಟ್ಟಿ ಮಾಡಿಕೋ ಅಂದರೆ, ಮಾಡಿಕೊಂಡ ಮೇಲೆ ತಿಳಿಸಲು ನಿಮಗೊಂದು ಕಾರಣ ಸಿಕ್ಕಿತು.

ಎಚ್ಚರ: ನೋಂದಣಿಗೆ, ತರಬೇತಿಗೆ, ಲ್ಯಾಪ್‌ಟಾಪ್ ಡಿಪಾಸಿಟ್‌ಗೆ ಅಂತ ದುಡ್ಡು ಕೇಳಿದರೆ ಅಲ್ಲಿಂದ ಹೊರಡಿ. ಒಟಿಪಿ ಕೇಳಿದರೆ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಅಂದರೆ, ಮಾತಾಡದೆಯೇ ಅಲ್ಲೇ ಆಫರ್ ಲೆಟರ್ ಕೊಟ್ಟರೆ ಕೂಡ ಅಷ್ಟೇ. "ಇವತ್ತೇ ಕಟ್ಟಿದರೆ ಸೀಟು" ಅನ್ನುವವರು ಕೆಲಸ ಕೊಡುವವರಲ್ಲ. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಮೊಬೈಲ್ ನಂಬರ್ ಬದಲು ಮೇಲ್ ಐಡಿ ಕೊಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ತಿಳಿದರೆ ಅವರ ಬಗ್ಗೆ ನಿಮಗೆ ಗೊತ್ತಾಯಿತು.

## ಹಂತ 4: ಸ್ಟಾಲ್ ಬಿಟ್ಟ ಎರಡು ನಿಮಿಷದಲ್ಲಿ ಬರೆದುಕೊಳ್ಳಿ

ಇಡೀ ಕ್ರಮದಲ್ಲಿ ಜನ ಬಿಟ್ಟುಬಿಡುವ ಹಂತ ಇದೇ. ಸಂಜೆ ಬಸ್ಸಿನಲ್ಲಿ ಕೂತು ಕಾರ್ಡ್‌ಗಳನ್ನು ನೋಡಿದರೆ ಯಾವ ಮುಖ ಯಾವುದಕ್ಕೆ ಅಂತ ತಿಳಿಯುವುದಿಲ್ಲ. ಆಗ ಎಲ್ಲರಿಗೂ ಒಂದೇ ಮೆಸೇಜ್ ಹೋಗುತ್ತದೆ. ಒಂದೇ ಮೆಸೇಜ್ ಅಂತ ಓದಿದವರಿಗೂ ಗೊತ್ತಾಗುತ್ತದೆ.

ಮುಂದಿನ ಸ್ಟಾಲ್‌ಗೆ ಹೋಗುವ ಮುಂಚೆ ಪಕ್ಕಕ್ಕೆ ನಿಂತು ನಾಲ್ಕು ಸಾಲು ಗೀಚಿ. ಆ ಹುಡುಗ ಆಮೇಲೆ ನನಗೆ ತೋರಿಸಿದ ಪುಟದಲ್ಲಿ ಹೀಗಿತ್ತು:

> ಬುಷ್ ಕಂಪನಿ. ಕ್ವಾಲಿಟಿ ಸರ್, ಕನ್ನಡಕ, ಕಾರ್ಡ್ ಕೊಟ್ಟರು.
> ತೊಂದರೆ: ಎರಡನೇ ಶಿಫ್ಟ್‌ನಲ್ಲಿ ಬೋರ್ ರೀಡಿಂಗ್ ಜಾಸ್ತಿ ಬರುತ್ತೆ.
> ನಾನು ಹೇಳಿದ್ದು: ಖಾಲಿ ಶೀಟ್ ಮೇಲ್ ಮಾಡ್ತೀನಿ.
> ಯಾವಾಗ: ನಾಳೆ ರಾತ್ರಿ ಒಳಗೆ.

ಎರಡನೇ ಸಾಲು ಅವರ ಮಾತು, ಮೂರನೆಯದು ನಿಮ್ಮ ಮಾತು. ಮೂರನೇ ಸಾಲು ಖಾಲಿ ಉಳಿದರೆ ಆ ಸ್ಟಾಲ್‌ನಲ್ಲಿ ನೆಪ ಸಿಕ್ಕಿಲ್ಲ. ಹೊತ್ತಿದ್ದರೆ ಕೊನೆಯ ಗಂಟೆಯಲ್ಲಿ ಮತ್ತೊಮ್ಮೆ ಹೋಗಿ ಬನ್ನಿ. ದಿನದ ಕೊನೆಗೆ ಮೂರನೇ ಸಾಲು ತುಂಬಿದ ಎರಡು ಪುಟ ಇದ್ದರೂ ಮೇಳ ಸಾರ್ಥಕ.

## ಹಂತ 5: ಮೇಲ್, ಮತ್ತೆ ಅದರ ಮುಂದಿನದ್ದು

ಮೊದಲ ಮೇಲ್ ಮಾರನೇ ದಿನ ರಾತ್ರಿಯೊಳಗೆ ಹೋಗಬೇಕು. ಮೂರು ದಿನ ಕಳೆದರೆ ನಾನು ಮತ್ತೆ ಶಾಪ್ ಫ್ಲೋರ್‌ನ ಗಲಾಟೆಯಲ್ಲಿ ಮುಳುಗಿರುತ್ತೇನೆ, ಮುಖ ಮರೆತಿರುತ್ತದೆ. ಅವನ ಮೇಲ್ ಇಷ್ಟೇ ಇತ್ತು:

> ವಿಷಯ: ಬೋರ್ ಗೇಜ್ ಶಿಫ್ಟ್ ಚೆಕ್ ಶೀಟ್ (ಮೇಳದಲ್ಲಿ ಮಾತಾಡಿದ್ದು)
>
> ನಮಸ್ಕಾರ ಸರ್,
> ನಿನ್ನೆ ಮೇಳದಲ್ಲಿ ಎರಡನೇ ಶಿಫ್ಟ್‌ನ ಬೋರ್ ರೀಡಿಂಗ್ ಬಗ್ಗೆ ಹೇಳಿದ್ದಿರಿ. ನಾನು ಹೇಳಿದ ಶೀಟ್‌ನ ಖಾಲಿ ಫಾರ್ಮ್ಯಾಟ್ ಇಲ್ಲಿದೆ. ನಮ್ಮಲ್ಲಿ ಗೇಜನ್ನು ಬೋರ್ ಒಳಗೆ ಸರಿಯಾಗಿ ಆಡಿಸದೆ ಓದುತ್ತಿದ್ದರು, ಹಾಗಾಗಿ ರೀಡಿಂಗ್ ಜಾಸ್ತಿ ಬರುತ್ತಿತ್ತು. ಅದಕ್ಕೆ "ಆಡಿಸಿ ಕನಿಷ್ಠ ರೀಡಿಂಗ್ ಬರೆಯಿರಿ" ಅನ್ನುವ ಸಾಲು ಸೇರಿಸಿದ್ದೆ.
> ರೆಸ್ಯೂಮೆಯನ್ನೂ ಜೊತೆಗೆ ಇಟ್ಟಿದ್ದೇನೆ.
> ಹೆಸರು, ಫೋನ್ ನಂಬರ್

ಇದರಲ್ಲಿ ಮೂರು ವಿಷಯ ಸರಿಯಾಗಿವೆ. ವಿಷಯದ ಸಾಲು ಓದಿದ ಕೂಡಲೇ ಮಾತು ನೆನಪಾಗುತ್ತದೆ. ಮೊದಲ ವಾಕ್ಯದಲ್ಲಿ ನನ್ನ ತೊಂದರೆ ಇದೆ. ಕೆಲಸ ಕೊಡಿ ಅಂತ ಎಲ್ಲೂ ಇಲ್ಲ, ಆದರೂ ರೆಸ್ಯೂಮೆ ಬಂದಿದೆ. ಅವನು ಬರೆದದ್ದು ತಾಂತ್ರಿಕವಾಗಿಯೂ ಸರಿ: ಬೋರ್ ಗೇಜನ್ನು ಹಿಂದೆ ಮುಂದೆ ಆಡಿಸಿದಾಗ ಮುಳ್ಳು ತಿರುಗಿ ವಾಪಸ್ ಹೊರಡುವ ಜಾಗದ ಕನಿಷ್ಠ ಅಳತೆಯೇ ನಿಜವಾದ ವ್ಯಾಸ. ಓರೆಯಾಗಿ ಹಿಡಿದರೆ ಅಳತೆ ಜಾಸ್ತಿಯೇ ಬರುತ್ತದೆ.

ಇಲ್ಲಿ ಒಂದು ದೊಡ್ಡ ತಪ್ಪು ಆಗಬಹುದಿತ್ತು. ಹಳೆ ಕಂಪನಿಯ ತುಂಬಿದ ಶೀಟ್, ಗ್ರಾಹಕರ ಡ್ರಾಯಿಂಗ್, ಪಾರ್ಟ್ ನಂಬರ್ ಇರುವ ಫೋಟೊ ಕಳಿಸುವವರಿದ್ದಾರೆ. ನನಗೆ ಅಂಥದ್ದು ಬಂದರೆ ಆ ಹುಡುಗನನ್ನು ಮುಂದೆ ಕರೆಯುವುದೇ ಇಲ್ಲ. ನಾಳೆ ನಮ್ಮ ಡ್ರಾಯಿಂಗ್ ಇನ್ನೆಲ್ಲಿಗೆ ಹೋಗುತ್ತದೋ ಯಾರು ಬಲ್ಲರು? ಖಾಲಿ ಫಾರ್ಮ್ಯಾಟನ್ನು ನೀವೇ ಹೊಸದಾಗಿ ಬರೆದು ಕಳಿಸಿ.

ವಾಟ್ಸಾಪ್ ಬೇಕಾದರೆ ಅವರೇ ನಂಬರ್ ಕೊಟ್ಟು ಕಳಿಸು ಅಂದಿರಬೇಕು. ಬೆಳಿಗ್ಗೆ ಆರಕ್ಕೆ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಕಳಿಸುವವರ ನಂಬರ್ ಮ್ಯೂಟ್ ಆಗುತ್ತದೆ, ಆಮೇಲೆ ಒಳ್ಳೆಯ ಮೆಸೇಜ್ ಕಳಿಸಿದರೂ ಯಾರಿಗೂ ಕಾಣುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ರಿಕ್ವೆಸ್ಟ್ ಜೊತೆ ಸಣ್ಣ ಟಿಪ್ಪಣಿ ಹಾಕಬಹುದು. ಉಚಿತ ಖಾತೆಗೆ ತಿಂಗಳಿಗೆ ಕೆಲವೇ ಟಿಪ್ಪಣಿ ಸಿಗುತ್ತವೆ, ಹಾಗಾಗಿ ಮೂರನೇ ಸಾಲು ತುಂಬಿದವರಿಗೇ ಬಳಸಿ.

ಉತ್ತರ ಬರದಿದ್ದರೆ? ಎಂಟು ಹತ್ತು ದಿನ ಬಿಟ್ಟು, ಅದೇ ಮೇಲ್‌ಗೆ ರಿಪ್ಲೈ ಆಗಿ ಎರಡು ಸಾಲು ಬರೆಯಿರಿ: "ಶೀಟ್ ತೆರೆಯಿತೇ ಸರ್? ಬೇಕಿದ್ದರೆ ಪ್ರಿಂಟ್‌ಗೆ ಒಂದೇ ಪುಟ ಬರುವಂತೆ ಮಾಡಿಕೊಡುತ್ತೇನೆ." ಆಮೇಲೆ ಒಂದು ತಿಂಗಳಿಗೆ, ನಿಜವಾಗಿಯೂ ಹೊಸದೇನಾದರೂ ಇದ್ದರೆ ಮಾತ್ರ, ಇನ್ನೊಂದು. ಮೂರಕ್ಕೂ ಮೌನವಾದರೆ ನಿಲ್ಲಿಸಿ. ನಾಲ್ಕನೆಯದು ಕಾಟ. "ಸರ್ ಎನಿ ಅಪ್‌ಡೇಟ್?" ಅನ್ನುವುದು ಮೊದಲ ಸಲವೇ ಕಾಟ, ಯಾಕೆಂದರೆ ಅದರಲ್ಲಿ ನನಗೆ ಉತ್ತರಿಸಲು ಏನೂ ಇರುವುದಿಲ್ಲ.

## ಹಂತ 6: ಉದ್ಯಮದ ಪ್ರದರ್ಶನ, ಮೀಟಪ್‌ಗಳಲ್ಲಿ ಏನು ಬದಲಾಗುತ್ತದೆ

ಮೇಳದಲ್ಲಿ ಎಲ್ಲರೂ ಕೆಲಸದ ಮಾತಿಗೇ ಬಂದಿರುತ್ತಾರೆ. ಪ್ರದರ್ಶನದಲ್ಲಿ ಹಾಗಲ್ಲ. ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಮೆಷಿನ್ ಟೂಲ್ ಪ್ರದರ್ಶನ ಇಮ್‌ಟೆಕ್ಸ್ ನೋಡಿ. ಅಲ್ಲಿ ಸ್ಟಾಲ್‌ನಲ್ಲಿರುವವರು ಯಂತ್ರ ಮಾರಲು ಬಂದವರು. ಕೈಗೆ ರೆಸ್ಯೂಮೆ ತುರುಕಿದರೆ ಮುಖ ಸಿಂಡರಿಸುತ್ತಾರೆ, ಅದು ಅವರ ತಪ್ಪಲ್ಲ. (ಈಗ ಅದರ ಹತ್ತಿರದ ಮಾದಾವರದವರೆಗೆ ಮೆಟ್ರೋ ಇದೆ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. ಪ್ರವೇಶದ ನಿಯಮಗಳನ್ನು ಮೊದಲೇ ನೋಡಿ, ನೋಂದಣಿ ಮಾಡಿಕೊಳ್ಳಿ.)

ಇಲ್ಲಿ ಕ್ರಮ ತಿರುಗುಮುರುಗು. ಮೊದಲು ಯಂತ್ರದ ಬಗ್ಗೆ ಪ್ರಶ್ನೆ, ಆಮೇಲೆ ನಿಮ್ಮ ಹೆಸರು. ಗ್ರಾಹಕರು ಬಂದರೆ ತಕ್ಷಣ ಪಕ್ಕಕ್ಕೆ ಸರಿಯಿರಿ. ಮಾರಾಟದವರಿಗಿಂತ ಯಂತ್ರ ನಡೆಸಿ ತೋರಿಸುತ್ತಿರುವ ಅಪ್ಲಿಕೇಶನ್ ಎಂಜಿನಿಯರ್ ಜೊತೆ ನಿಲ್ಲಿ. ಯಾವ ವರ್ಕ್‌ಶಾಪ್ ಹೊಸ ಯಂತ್ರ ತೆಗೆದುಕೊಂಡಿದೆ, ಎಲ್ಲಿ ಜನ ಬೇಕಾಗಿದ್ದಾರೆ ಅನ್ನುವುದು ಊರೂರು ತಿರುಗುವ ಅವರಿಗೇ ಮೊದಲು ಗೊತ್ತಾಗುತ್ತದೆ.

ಸಾಫ್ಟ್‌ವೇರ್ ಮೀಟಪ್‌ಗಳು ಇನ್ನೂ ಸಲೀಸು. ಬೆಂಗಳೂರಿನ ಪೈಥಾನ್ ಬಳಗ ಬ್ಯಾಂಗ್‌ಪೈಪರ್ಸ್‌ನಂಥ ಕಡೆ ಮಾತು ಮುಗಿದ ಮೇಲಿನ ಟೀ ಹೊತ್ತೇ ಪರಿಚಯದ ಹೊತ್ತು. ಮಾತಾಡಿದವರ ಸುತ್ತ ಹತ್ತು ಜನ ಮುತ್ತಿರುತ್ತಾರೆ. ನೀವು ಪಕ್ಕದ ಕುರ್ಚಿಯವರ ಹತ್ತಿರ ಹೋಗಿ, ಅವರು ಕೇಳಿದ ಪ್ರಶ್ನೆಯ ಬಗ್ಗೆಯೇ ಮಾತು ತೆಗೆಯಿರಿ. ಒಂದೇ ಮೀಟಪ್‌ಗೆ ಮೂರು ಸಲ ಹೋಗುವುದು ಮೂರು ಬೇರೆ ಮೀಟಪ್‌ಗೆ ಒಂದೊಂದು ಸಲ ಹೋಗುವುದಕ್ಕಿಂತ ಉಪಯೋಗ. ಕುರ್ಚಿ ಜೋಡಿಸಲು ಕೈ ಹಾಕಿದವರ ಹೆಸರು ಸಂಘಟಕರಿಗೆ ನೆನಪಿರುತ್ತದೆ.

## ಆ ಹುಡುಗನಿಗೆ ಏನಾಯಿತು

ನಮ್ಮಲ್ಲಿ ಆಗ ಜಾಗ ಇರಲಿಲ್ಲ, ಹಾಗಂತ ಮೇಲ್‌ನಲ್ಲೇ ತಿಳಿಸಿದೆ. ಶೀಟನ್ನು ಎರಡನೇ ಶಿಫ್ಟ್‌ಗೆ ಹಾಕಿದೆವು. ಹತ್ತು ದಿನಕ್ಕೆ ಅವನು "ಉಪಯೋಗ ಆಯ್ತಾ ಸರ್?" ಅಂತ ಬರೆದ, ಆಯ್ತು ಅಂದೆ. ಎರಡು ತಿಂಗಳ ಮೇಲೆ ನಮಗೆ ಬುಷ್ ಮಾಡಿಕೊಡುವ ವೆಂಡರ್ ಒಬ್ಬರು ಫೋನ್‌ನಲ್ಲಿ, "ಬೋರ್ ಅಳೆಯೋಕೆ ಬರೋ ಹುಡುಗ ಯಾರಾದ್ರೂ ಇದ್ದಾರಾ, ಎಲ್ರೂ ವರ್ನಿಯರ್ ಹಿಡ್ಕೊಂಡು ಬರ್ತಾರೆ" ಅಂತ ಗೊಣಗಿದರು. ನನಗೆ ಪೆಟ್ಟಿಗೆಯಲ್ಲಿದ್ದ ಯಾವ ರೆಸ್ಯೂಮೆಯೂ ನೆನಪಾಗಲಿಲ್ಲ. ಮೇಲ್‌ನಲ್ಲಿ "ಬೋರ್ ಗೇಜ್" ಅಂತ ಹುಡುಕಿದೆ, ಅವನ ನಂಬರ್ ಸಿಕ್ಕಿತು.